ಮೂವರು ಹಿರಿಯರು ತಿದ್ದುವ ಡೆಕ್: ಯಾರ ಕಾಮೆಂಟ್ ಯಾವ ವರ್ಷನ್‌ಗೆ ಸೇರಿದ್ದು?

ಪ್ರಶ್ನೆ: ನಾನು ತಯಾರಿಸುವ ಡೆಕ್ಕನ್ನು ಅಂತಿಮ ಪ್ರೆಸೆಂಟೇಶನ್‌ಗೆ ಮುಂಚೆ ಮೂವರು ಹಿರಿಯರು ನೋಡುತ್ತಾರೆ. ಒಬ್ಬರು ಫೈಲಿನಲ್ಲೇ ಕಾಮೆಂಟ್ ಹಾಕುತ್ತಾರೆ, ಒಬ್ಬರು ಮೇಲ್ ಬರೆಯುತ್ತಾರೆ, ಇನ್ನೊಬ್ಬರು ಫೋನಿನಲ್ಲಿ ಹೇಳುತ್ತಾರೆ. ಅಷ್ಟರಲ್ಲಿ ಫೈಲು ಎರಡು ಸಲ ಬದಲಾಗಿರುತ್ತದೆ. ಏನೂ ಬಿಟ್ಟುಹೋಗದಂತೆ ನೋಡಿಕೊಳ್ಳುವುದು ಹೇಗೆ?

ಉತ್ತರ: ಕಾಮೆಂಟ್ ಬಿಟ್ಟುಹೋದರೆ ಯಾರಾದರೂ ಮತ್ತೆ ಕೇಳುತ್ತಾರೆ. ಅದಕ್ಕಿಂತ ಅಪಾಯದ್ದು, ಕಾಮೆಂಟ್ ತಪ್ಪು ಸ್ಲೈಡಿಗೆ ಹೋಗಿ ಕೂರುವುದು. ಅದು ಯಾರ ಕಣ್ಣಿಗೂ ಬೀಳುವುದಿಲ್ಲ.

ಒಂದು ಉದಾಹರಣೆ ನೋಡೋಣ. ನೀವು v03 ಕಳಿಸಿದ್ದೀರಿ. ಅದರ 6ನೇ ಸ್ಲೈಡಿನಲ್ಲಿ ಗ್ರಾಹಕರ ಸಂಖ್ಯೆಯ ಬೆಳವಣಿಗೆ ಇದೆ, 7ನೆಯದರಲ್ಲಿ ಆದಾಯದ ಬೆಳವಣಿಗೆ 18% ಎಂದಿದೆ. ಮಾರಾಟ ವಿಭಾಗದ ಮುಖ್ಯಸ್ಥರು ಮೊದಲು ನೋಡಿ, ಆರಂಭದಲ್ಲೇ ಒಂದು ಸಾರಾಂಶದ ಸ್ಲೈಡ್ ಬೇಕು ಅಂದರು. ನೀವು ಸೇರಿಸಿ v04 ಮಾಡಿದಿರಿ. ಸಂಜೆ ಹಣಕಾಸು ಮುಖ್ಯಸ್ಥರು ಫೋನ್ ಮಾಡಿ, "7ನೇ ಸ್ಲೈಡಿನ ಬೆಳವಣಿಗೆ 16.4% ಆಗಬೇಕು" ಅಂದರು. ಅವರ ಮುಂದಿರುವುದು v03. ನಿಮ್ಮ ಮುಂದಿರುವ v04ರ 7ನೇ ಸ್ಲೈಡಿನಲ್ಲೂ ಒಂದು ಬೆಳವಣಿಗೆಯ ಅಂಕಿ ಇದೆ, ಆದರೆ ಅದು ಗ್ರಾಹಕರದು. ಅದನ್ನು ತಿದ್ದಿದರೆ ಸರಿಯಿದ್ದ ಅಂಕಿ ಕೆಟ್ಟು, ತಪ್ಪು ಅಂಕಿ ಹಾಗೇ ಉಳಿಯುತ್ತದೆ.

ಹಾಗಾಗಿ ಸ್ಲೈಡ್ ಸಂಖ್ಯೆಯನ್ನು ನಂಬಬೇಡಿ. ಪ್ರತಿ ಸ್ಲೈಡಿನ ಮೂಲೆಯಲ್ಲಿ ಸಣ್ಣ ಬೂದು ಅಕ್ಷರದಲ್ಲಿ S01, S02 ಎಂದು ಗುರುತು ಹಾಕಿ. ಪುಟ ಸಂಖ್ಯೆಯಂತೆ ತಾನಾಗಿ ಬದಲಾಗದಿರಲು ಇದನ್ನು ಕೈಯಿಂದಲೇ ಟೈಪ್ ಮಾಡಬೇಕು. ಸ್ಲೈಡ್ ಎಲ್ಲಿಗೆ ಸರಿದರೂ ಗುರುತು ಅದರ ಜೊತೆ ಹೋಗುತ್ತದೆ. ಹೊಸ ಸ್ಲೈಡಿಗೆ ಹೊಸ ಗುರುತು ಕೊಡಿ. ಅಳಿಸಿದ ಸ್ಲೈಡಿನದನ್ನು ಮತ್ತೆ ಬಳಸಬೇಡಿ. ಫೋನಿನಲ್ಲಿ ಯಾರಾದರೂ ಹೇಳಿದಾಗ "ಮೂಲೆಯಲ್ಲಿ ಏನಿದೆ ಸರ್?" ಎಂದು ಕೇಳಿದರೆ ಸಾಕು. ಅಂತಿಮ ಪ್ರತಿಯಲ್ಲಿ ಗುರುತುಗಳನ್ನೆಲ್ಲ ತೆಗೆಯಿರಿ.

ಇನ್ನು ಕಾಮೆಂಟ್‌ಗಳು ಎಲ್ಲಿಂದ ಬಂದರೂ ಒಂದೇ ಶೀಟಿಗೆ ಇಳಿಯಲಿ. ಅದರ ಸಾಲುಗಳು ಹೀಗಿರುತ್ತವೆ:

```
ಕ್ರಮ | ಗುರುತು | ನೋಡಿದ್ದು | ಯಾರು   | ಹೇಳಿದ್ದು           | ತೀರ್ಮಾನ | ಮುಗಿದದ್ದು
14  | S07   | v03     | ಹಣಕಾಸು | ಬೆಳವಣಿಗೆ 16.4%     | ಒಪ್ಪಿದೆ  | v05
15  | S09   | v04     | ಮಾರಾಟ  | ಕೋಷ್ಟಕ ಬೇಡ, ಚಾರ್ಟ್ ಸಾಕು | ಬಾಕಿ    |
16  | S09   | v03     | ಹಣಕಾಸು | ಕೋಷ್ಟಕ ಇರಲೇಬೇಕು    | ಬಾಕಿ    |
```

"ನೋಡಿದ್ದು" ಎಂಬ ಕಾಲಂ ಬಹಳ ಜನರ ಶೀಟಿನಲ್ಲಿ ಇರುವುದಿಲ್ಲ. ನನ್ನ ಪ್ರಕಾರ ಅದಿಲ್ಲದೆ ಶೀಟು ಅರ್ಧ ಮಾತ್ರ. ಹಳೆಯ ವರ್ಷನ್ ನೋಡಿ ಕೊಟ್ಟ ಕಾಮೆಂಟ್ ಈಗಾಗಲೇ ಬಗೆಹರಿದಿರಬಹುದು, ಅದನ್ನು ತಿಳಿಯಲು ಬೇರೆ ದಾರಿಯಿಲ್ಲ. "ಹೇಳಿದ್ದು" ಕಾಲಂನಲ್ಲಿ ಅವರ ಮಾತನ್ನೇ ಬರೆಯಿರಿ, ನೀವು ಅರ್ಥ ಮಾಡಿಕೊಂಡದ್ದನ್ನಲ್ಲ. ಫೋನಿನಲ್ಲಿ ಬಂದದ್ದನ್ನು ಆಗಲೇ ಎರಡು ಸಾಲಿನ ಮೇಲ್ ಮಾಡಿ ಅವರಿಗೇ ಕಳಿಸಿಬಿಡಿ.

15 ಮತ್ತು 16ನೇ ಸಾಲುಗಳು ಒಂದಕ್ಕೊಂದು ವಿರುದ್ಧ. ಇಲ್ಲಿ ಕಿರಿಯರು ಸಾಮಾನ್ಯವಾಗಿ ಕೊನೆಗೆ ಮಾತಾಡಿದವರ ಪ್ರಕಾರ ತಿದ್ದುತ್ತಾರೆ. ಮರುದಿನ ಇನ್ನೊಬ್ಬರು ಅದನ್ನೇ ಹಿಂದಕ್ಕೆ ತಿರುಗಿಸುತ್ತಾರೆ, ಫೈಲು ಅತ್ತಿಂದಿತ್ತ ತೂಗಾಡುತ್ತದೆ. ನೀವೇ ನಿರ್ಧರಿಸಬೇಡಿ. ಇಬ್ಬರಿಗೂ ಒಂದೇ ಮೇಲ್‌ನಲ್ಲಿ ಎರಡೂ ಅಭಿಪ್ರಾಯ ಬರೆದು, ಸಾಧ್ಯವಿದ್ದರೆ ಮಧ್ಯದ ದಾರಿಯನ್ನೂ ಸೂಚಿಸಿ: ಸ್ಲೈಡಿನಲ್ಲಿ ಚಾರ್ಟ್, ಕೋಷ್ಟಕ ಅನುಬಂಧದಲ್ಲಿ. ಕೊನೆಯ ಮಾತು ಯಾರದು ಎಂಬುದನ್ನು ಮೊದಲ ಪ್ರತಿ ಕಳಿಸುವಾಗಲೇ ಕೇಳಿಟ್ಟುಕೊಂಡಿದ್ದರೆ ಈ ಮೇಲ್ ಬರೆಯುವುದು ಸುಲಭ.

ಫೈಲಿನ ವಿಚಾರ ಸರಳ. ಹೆಸರಿನಲ್ಲಿ ವರ್ಷನ್ ಸಂಖ್ಯೆ ಇರಲಿ, "final" ಎಂಬ ಪದ ಬೇಡ. ತಿದ್ದುವವರು ನೀವೊಬ್ಬರೇ, ಕಳಿಸಿದ ಪ್ರತಿಯನ್ನು ಮತ್ತೆ ಮುಟ್ಟಬೇಡಿ. ಯಾರಾದರೂ ತಮ್ಮ ಪ್ರತಿಯಲ್ಲೇ ತಿದ್ದಿ ಕಳಿಸಿದರೆ, ಕಂಪ್ಯೂಟರಿನಲ್ಲಿ ಇನ್‌ಸ್ಟಾಲ್ ಆಗಿರುವ ಪವರ್‌ಪಾಯಿಂಟ್‌ನ Review ಟ್ಯಾಬಿನಲ್ಲಿ Compare ಇದೆ. ನಿಮ್ಮ ಫೈಲು ತೆರೆದು, ಅವರದನ್ನು ಆರಿಸಿದರೆ ವ್ಯತ್ಯಾಸಗಳು ಕಾಣುತ್ತವೆ, ಒಂದೊಂದಾಗಿ ಒಪ್ಪಬಹುದು ಅಥವಾ ಬಿಡಬಹುದು. ಸ್ಲೈಡನ್ನೇ ಹೊಸದಾಗಿ ರಚಿಸಿದ್ದರೆ ಮಾತ್ರ ಇದು ಹೆಚ್ಚು ನೆರವಾಗದು. ಎರಡನ್ನೂ ಪಕ್ಕಪಕ್ಕ ಇಟ್ಟು ಕಣ್ಣಿನಿಂದಲೇ ನೋಡಬೇಕು.

ಸಾಲನ್ನು "ಮುಗಿದದ್ದು" ಎಂದು ಗುರುತಿಸುವ ಮುನ್ನ ಒಂದು ಹುಡುಕಾಟ ಮಾಡಿ. ಮೇಲಿನ 18% ಸಾರಾಂಶದಲ್ಲೂ ಕೊನೆಯ ಸ್ಲೈಡಿನಲ್ಲೂ ಇದ್ದೀತು. Ctrl+F ಒತ್ತಿ 18 ಹುಡುಕಿ. ಚಿತ್ರವಾಗಿ ಅಂಟಿಸಿದ ಚಾರ್ಟಿನೊಳಗಿನ ಅಂಕಿ ಆ ಹುಡುಕಾಟಕ್ಕೆ ಸಿಗುವುದಿಲ್ಲ, ಅಂಥವನ್ನು ತೆರೆದೇ ನೋಡಬೇಕು.