ಪ್ರೋಟಾನ್ ಹರಿದರೆ ಎಟಿಪಿ ಸಿಂಥೇಸ್ ತಿರುಗುವುದು ಹೇಗೆ: ನನ್ನ ಅಧ್ಯಯನ ಟಿಪ್ಪಣಿ

"ಪ್ರೋಟಾನ್‌ಗಳು ಎಟಿಪಿ ಸಿಂಥೇಸ್ ಮೂಲಕ ಹರಿಯುತ್ತವೆ, ಅದು ತಿರುಗುತ್ತದೆ, ಎಟಿಪಿ ತಯಾರಾಗುತ್ತದೆ." ಪರೀಕ್ಷೆಯಲ್ಲಿ ನಾವೆಲ್ಲ ಬರೆಯುವ ಸಾಲು ಇದು. ಎಟಿಪಿ ಅಂದರೆ ಜೀವಕೋಶ ಶಕ್ತಿಗಾಗಿ ಬಳಸುವ ಅಣು, ಎಡಿಪಿ ಮತ್ತು ಫಾಸ್ಫೇಟನ್ನು ಜೋಡಿಸಿ ಅದನ್ನು ತಯಾರಿಸುವ ಕಿಣ್ವ ಎಟಿಪಿ ಸಿಂಥೇಸ್. ತಪ್ಪೇನಿಲ್ಲ. ಆದರೆ ಇದರೊಳಗೆ ಎರಡು ಪ್ರಶ್ನೆಗಳು ಅಡಗಿವೆ. ಪ್ರೋಟಾನ್ ಇಷ್ಟು ಚಿಕ್ಕದು, ಅದು ಅಷ್ಟು ದೊಡ್ಡ ಪ್ರೋಟೀನನ್ನು ತಿರುಗಿಸುವುದು ಹೇಗೆ? ತಿರುಗಿದರೆ ಎಟಿಪಿ ಯಾಕೆ ಬರಬೇಕು? ಈ ಎರಡಕ್ಕೂ ಉತ್ತರ ಸಿಕ್ಕಿದ ಮೇಲೆ ಉಳಿದ ಪಾಠ ತುಂಬ ಸುಲಭವಾಯಿತು. ಹಾಗಾಗಿ ಎಲೆಕ್ಟ್ರಾನ್ ಸಾಗಣೆಯ ಸರಪಳಿಯನ್ನು ಇಲ್ಲಿ ಬೇಗ ಮುಗಿಸಿ, ಈ ಎರಡು ಪ್ರಶ್ನೆಗಳ ಹತ್ತಿರವೇ ಜಾಸ್ತಿ ಹೊತ್ತು ನಿಲ್ಲುತ್ತೇನೆ. ಉದಾಹರಣೆಗೆ ಹಸುವಿನ ಹೃದಯದ ಮೈಟೊಕಾಂಡ್ರಿಯವನ್ನು ತೆಗೆದುಕೊಂಡಿದ್ದೇನೆ. ಅದರ ರಚನೆ ಚೆನ್ನಾಗಿ ಗೊತ್ತಿದೆ.

ಮೊದಲು ಕೂಡಿಡುವ ಕೆಲಸ

ಎನ್ಎಡಿಎಚ್ ಎಂಬುದು ಎಲೆಕ್ಟ್ರಾನ್ ಹೊತ್ತು ತರುವ ಅಣು. ಒಂದು ಎನ್ಎಡಿಎಚ್ ತನ್ನ ಎರಡು ಎಲೆಕ್ಟ್ರಾನ್‌ಗಳನ್ನು ಸರಪಳಿಗೆ ಕೊಡುತ್ತದೆ. ಅವು ಆಮ್ಲಜನಕ ತಲುಪುವಷ್ಟರಲ್ಲಿ ಹತ್ತು ಪ್ರೋಟಾನ್‌ಗಳು ಮೈಟೊಕಾಂಡ್ರಿಯದ ಒಳಜಾಗವಾದ ಮ್ಯಾಟ್ರಿಕ್ಸ್‌ನಿಂದ ಹೊರಗೆ, ಅಂದರೆ ಎರಡು ಪೊರೆಗಳ ನಡುವಿನ ಜಾಗಕ್ಕೆ ಸೇರಿರುತ್ತವೆ. ಸರಪಳಿಯಲ್ಲಿ ಕಾಂಪ್ಲೆಕ್ಸ್ ಎಂಬ ನಾಲ್ಕು ಪ್ರೋಟೀನ್ ಗುಂಪುಗಳಿವೆ. ಒಂದನೇ ಕಾಂಪ್ಲೆಕ್ಸ್‌ನಿಂದ 4, ಮೂರನೆಯದರಿಂದ 4, ನಾಲ್ಕನೆಯದರಿಂದ 2. ಎರಡನೇ ಕಾಂಪ್ಲೆಕ್ಸ್ ಪ್ರೋಟಾನ್ ಸಾಗಿಸುವುದಿಲ್ಲ. ಅದಕ್ಕೇ ಸಕ್ಸಿನೇಟ್ ಎಂಬ ಅಣುವಿನಿಂದ ಎರಡನೇ ಕಾಂಪ್ಲೆಕ್ಸ್ ಮೂಲಕ ಬಂದ ಎಲೆಕ್ಟ್ರಾನ್ ಜೋಡಿಗೆ 6 ಪ್ರೋಟಾನ್ ಮಾತ್ರ.

ಹೊರಗೆ ಹೋದ ಪ್ರೋಟಾನ್ ಎರಡು ಬಗೆಯ ವ್ಯತ್ಯಾಸ ಉಂಟುಮಾಡುತ್ತದೆ. ಹೊರಗೆ ಸ್ವಲ್ಪ ಆಮ್ಲೀಯ, ಇದು ಪಿಎಚ್ ವ್ಯತ್ಯಾಸ. ಒಳಗೆ ಋಣ, ಹೊರಗೆ ಧನ, ಇದು ವೋಲ್ಟೇಜ್ ವ್ಯತ್ಯಾಸ. ಎರಡೂ ಸೇರಿದರೆ ಪ್ರೋಟಾನ್ ಚಾಲಕ ಬಲ. ನಾವು ಸಾಮಾನ್ಯವಾಗಿ ಪಿಎಚ್ ಒಂದನ್ನೇ ನೆನಪಿಟ್ಟುಕೊಳ್ಳುತ್ತೇವೆ, ಅಲ್ವಾ? ಮೈಟೊಕಾಂಡ್ರಿಯದಲ್ಲಿ ನಿಜವಾದ ದೊಡ್ಡ ಪಾಲು ವೋಲ್ಟೇಜಿನದು. ವೋಲ್ಟೇಜ್ 150 ಮಿಲಿವೋಲ್ಟ್, ಪಿಎಚ್ ವ್ಯತ್ಯಾಸ 0.5 ಎಂದಿಟ್ಟುಕೊಳ್ಳಿ. ಒಂದು ಪಿಎಚ್ ಅಂತರಕ್ಕೆ ಸುಮಾರು 60 ಮಿಲಿವೋಲ್ಟ್ ಲೆಕ್ಕ. ಹಾಗಾದರೆ 150 + 30 = 180 ಮಿಲಿವೋಲ್ಟ್. ಒಂದು ಮೋಲ್ ಪ್ರೋಟಾನ್ ಒಳಗೆ ಬಂದರೆ ಇದರಿಂದ ಸುಮಾರು 17 ಕಿಲೋಜೂಲ್ ಸಿಗುತ್ತದೆ. ಈ 17 ಅನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

ಈ ಪ್ರೋಟಾನ್ ವ್ಯತ್ಯಾಸದಿಂದಲೇ ಎಟಿಪಿ ತಯಾರಾಗುತ್ತದೆ ಎಂದು ಪೀಟರ್ ಮಿಚೆಲ್ 1961ರಲ್ಲಿ ಹೇಳಿದಾಗ ಬಹಳ ಜನ ಒಪ್ಪಲಿಲ್ಲ. ಸರಪಳಿಗೂ ಎಟಿಪಿಗೂ ನಡುವೆ ಯಾವುದೋ ಹೆಚ್ಚು ಶಕ್ತಿಯ ರಾಸಾಯನಿಕ ಇರಲೇಬೇಕು ಎಂದು ಹುಡುಕುತ್ತಿದ್ದ ಕಾಲ ಅದು. ಅಂಥ ರಾಸಾಯನಿಕವೇ ಬೇಡ ಎಂದು ಚೆನ್ನಾಗಿ ತೋರಿಸಿದ್ದು 1974ರ ಒಂದು ಪ್ರಯೋಗ. ರ‍್ಯಾಕರ್ ಮತ್ತು ಸ್ಟೋಕೆನಿಯಸ್ ಕೊಬ್ಬಿನ ಪುಟ್ಟ ಗುಳ್ಳೆಗಳನ್ನು ಮಾಡಿ, ಅವುಗಳ ಪೊರೆಯಲ್ಲಿ ಎರಡೇ ಪ್ರೋಟೀನ್ ಕೂರಿಸಿದರು. ಒಂದು, ಉಪ್ಪುನೀರಿನ ಸೂಕ್ಷ್ಮಜೀವಿಯಿಂದ ತೆಗೆದ ಪ್ರೋಟಾನ್ ಪಂಪ್. ಬೆಳಕು ಬಿದ್ದರೆ ಕೆಲಸ ಮಾಡುವಂಥದ್ದು. ಇನ್ನೊಂದು, ಹಸುವಿನ ಹೃದಯದ ಎಟಿಪಿ ಸಿಂಥೇಸ್. ಬೆಳಕು ಹಾಕಿದರು, ಎಟಿಪಿ ಬಂತು. ಈ ಎರಡು ಪ್ರೋಟೀನ್‌ಗಳಿಗೆ ಒಂದಕ್ಕೊಂದು ಸಂಬಂಧವೇ ಇಲ್ಲ. ಅವುಗಳ ನಡುವೆ ಇದ್ದದ್ದು ಪೊರೆಯ ಆಚೀಚಿನ ಪ್ರೋಟಾನ್ ವ್ಯತ್ಯಾಸ ಒಂದೇ.

ಉಂಗುರ ಯಾಕೆ ತಿರುಗುತ್ತದೆ

ಎಟಿಪಿ ಸಿಂಥೇಸ್‌ನ ಕೆಳಭಾಗ ಪೊರೆಯೊಳಗಿದೆ. ಅಲ್ಲಿ ಒಂದೇ ತರಹದ ಎಂಟು ಪ್ರೋಟೀನ್ ತುಂಡುಗಳು ವೃತ್ತವಾಗಿ ನಿಂತಿವೆ. ಇದು ಸಿ-ಉಂಗುರ. ಅದರ ಪಕ್ಕಕ್ಕೆ ಅಂಟಿಕೊಂಡು ಎ-ತುಂಡು ಇದೆ, ಅದು ತಿರುಗುವುದಿಲ್ಲ.

ನೀರು ಬಿದ್ದು ಚಕ್ರದ ರೆಕ್ಕೆ ತಿರುಗುವ ಚಿತ್ರ ಇಲ್ಲಿ ದಾರಿ ತಪ್ಪಿಸುತ್ತದೆ. ಪ್ರೋಟಾನ್ ಯಾವುದಕ್ಕೂ ಡಿಕ್ಕಿ ಹೊಡೆಯುವುದಿಲ್ಲ. ಪೊರೆಯ ಆಚೆಯಿಂದ ಈಚೆಗೆ ನೇರ ರಂಧ್ರವೂ ಇಲ್ಲ. ಎ-ತುಂಡಿನಲ್ಲಿ ಎರಡು ಅರ್ಧ ದಾರಿಗಳಿವೆ. ಒಂದು ಹೊರಗಿನಿಂದ ಪೊರೆಯ ನಡುವಿನವರೆಗೆ, ಇನ್ನೊಂದು ಅಲ್ಲಿಂದ ಮ್ಯಾಟ್ರಿಕ್ಸ್‌ವರೆಗೆ. ಎರಡೂ ಒಂದರ ಎದುರು ಒಂದು ಇಲ್ಲ, ಸ್ವಲ್ಪ ಪಕ್ಕಕ್ಕೆ ಸರಿದಿವೆ. ಒಂದರಿಂದ ಇನ್ನೊಂದಕ್ಕೆ ಹೋಗಬೇಕಾದರೆ ಪ್ರೋಟಾನ್ ಉಂಗುರವನ್ನು ಏರಲೇಬೇಕು. ಜಾತ್ರೆಯ ಜೈಂಟ್ ವೀಲ್ ನೆನಪಿಸಿಕೊಳ್ಳಿ. ಹತ್ತುವ ಜಾಗದಲ್ಲಿ ಹತ್ತಿ, ಹೆಚ್ಚುಕಮ್ಮಿ ಪೂರ್ತಿ ಸುತ್ತು ಹಾಕಿ, ಪಕ್ಕದಲ್ಲೇ ಇಳಿಯುತ್ತೇವೆ. ಪ್ರೋಟಾನ್ ಕೂಡ ಹಾಗೇ.

ಪ್ರೋಟಾನ್ ಕೂರುವ ಸೀಟು ಗ್ಲುಟಮೇಟ್ ಎಂಬ ಅಮೈನೊ ಆಮ್ಲ. ಉಂಗುರದ ಪ್ರತಿ ತುಂಡಿನ ನಡುಮಟ್ಟದಲ್ಲಿ ಒಂದೊಂದಿದೆ. ಪ್ರೋಟಾನ್ ಇಲ್ಲದಾಗ ಅದಕ್ಕೆ ಋಣ ವಿದ್ಯುದಂಶ. ಪ್ರೋಟಾನ್ ಕೂತರೆ ಅದು ತಟಸ್ಥ. ಇಡೀ ಗುಟ್ಟು ಇಲ್ಲೇ ಇದೆ. ಪೊರೆಯ ಒಳಭಾಗ ಕೊಬ್ಬು. ವಿದ್ಯುದಂಶ ಇರುವ ಯಾವುದೂ ಕೊಬ್ಬಿನೊಳಗೆ ಹೋಗಲು ಬಹಳ ಶಕ್ತಿ ಬೇಕು. ಹಾಗಾಗಿ ಖಾಲಿ ಸೀಟು ಎ-ತುಂಡಿನ ಎದುರೇ ಉಳಿಯಬೇಕು. ತುಂಬಿದ ಸೀಟು ಮಾತ್ರ ಕೊಬ್ಬಿನ ಕಡೆಗೆ ಹೋಗಬಹುದು.

ಈಗ ಉಂಗುರ ಶಾಖದ ಕಾರಣ ಸುಮ್ನೆ ಅತ್ತಿತ್ತ ಅಲುಗುತ್ತಲೇ ಇರುತ್ತದೆ. ಅದನ್ನು ಯಾರೂ ತಳ್ಳಬೇಕಾಗಿಲ್ಲ. ಹೊರಗಿನ ಅರ್ಧ ದಾರಿಯ ಎದುರಿರುವ ಖಾಲಿ ಸೀಟಿಗೆ ಪ್ರೋಟಾನ್ ಬಂದು ಕೂರುತ್ತದೆ, ಯಾಕೆಂದರೆ ಹೊರಗೆ ಅವು ಹೆಚ್ಚಿವೆ, ವೋಲ್ಟೇಜ್ ಕೂಡ ಒಳಗೆ ಎಳೆಯುತ್ತಿದೆ. ಆ ಸೀಟು ಕೊಬ್ಬಿನ ಕಡೆ ಸರಿಯಬಹುದು. ಅದೇ ಹೊತ್ತಿಗೆ ಇನ್ನೊಂದು ಬದಿಯಿಂದ ಸುತ್ತು ಮುಗಿಸಿದ ಸೀಟು ಮ್ಯಾಟ್ರಿಕ್ಸ್ ದಾರಿಯ ಎದುರು ಬಂದು ಪ್ರೋಟಾನನ್ನು ಬಿಡುತ್ತದೆ. ಬಿಟ್ಟ ಕೂಡಲೇ ಅದು ಋಣ, ಬಂದ ದಾರಿಯಲ್ಲೇ ಕೊಬ್ಬಿಗೆ ವಾಪಸ್ ಹೋಗಲಾಗದು. ಹೀಗೆ ಎರಡೂ ಕಡೆಯ ಅಲುಗಾಟದಲ್ಲಿ ಒಂದು ಕಡೆಯದು ಮಾತ್ರ ಉಳಿಯುತ್ತದೆ. ಎರಡು ದಾರಿಗಳ ನಡುವೆ ಎ-ತುಂಡಿನ ಅರ್ಜಿನೈನ್ ಧನ ವಿದ್ಯುದಂಶ ಹೊತ್ತು ನಿಂತಿದೆ. ಪ್ರೋಟಾನ್ ಉಂಗುರ ಏರದೆ ಅಡ್ಡದಾರಿಯಲ್ಲಿ ಜಾರಿ ಹೋಗದಂತೆ ಅದು ತಡೆಯುತ್ತದೆ.

ಒಂದು ಪ್ರೋಟಾನ್ ಏರಿದರೆ ಉಂಗುರ 360 ಭಾಗಿಸು 8, ಅಂದರೆ 45 ಡಿಗ್ರಿ ಸರಿಯುತ್ತದೆ.

ತಿರುಗಿದರೆ ಎಟಿಪಿ ಯಾಕೆ

ಉಂಗುರದ ಮೇಲೆ ಗಾಮಾ ಎಂಬ ಕಂಬ ನಿಂತಿದೆ, ಉಂಗುರದ ಜೊತೆ ಅದೂ ತಿರುಗುತ್ತದೆ. ಕಂಬದ ತುದಿ ಮ್ಯಾಟ್ರಿಕ್ಸ್‌ನಲ್ಲಿರುವ ತಲೆಯೊಳಗೆ ಹೊಕ್ಕಿದೆ. ತಲೆಯಲ್ಲಿ ಮೂರು ಆಲ್ಫಾ, ಮೂರು ಬೀಟಾ, ಕಿತ್ತಳೆಯ ತೊಳೆಗಳಂತೆ ಸುತ್ತ ಜೋಡಿಸಿವೆ. ಪಕ್ಕದಲ್ಲಿರುವ ಇನ್ನೊಂದು ಕಂಬ ತಲೆಯನ್ನು ಎ-ತುಂಡಿಗೆ ಬಿಗಿಯಾಗಿ ಕಟ್ಟಿ ಹಿಡಿದಿದೆ. ಅದಿಲ್ಲದಿದ್ದರೆ ತಲೆಯೂ ಕಂಬದ ಜೊತೆ ಸುಮ್ನೆ ಸುತ್ತುತ್ತಿತ್ತು, ಕೆಲಸವೇ ಆಗುತ್ತಿರಲಿಲ್ಲ. ಚಿತ್ರ ಬರೆಯುವಾಗ ನಾವು ಬಿಟ್ಟುಬಿಡುವುದು ಈ ಪಕ್ಕದ ಕಂಬವನ್ನೇ.

ಗಾಮಾ ಎಲ್ಲ ಕಡೆ ಸಮನಾಗಿಲ್ಲ, ಡೊಂಕಾಗಿದೆ. ಹಾಗಾಗಿ ಮೂರು ಬೀಟಾಗಳಿಗೆ ಅದರ ಮೂರು ಬೇರೆ ಬೇರೆ ಮುಖ ತಾಗುತ್ತದೆ. ಒಂದು ತೆರೆದಿರುತ್ತದೆ, ಒಂದು ಎಡಿಪಿ ಮತ್ತು ಫಾಸ್ಫೇಟನ್ನು ಸಡಿಲವಾಗಿ ಹಿಡಿದಿರುತ್ತದೆ, ಒಂದು ಬಿಗಿಯಾಗಿ ಮುಚ್ಚಿರುತ್ತದೆ. ಗಾಮಾ 120 ಡಿಗ್ರಿ ತಿರುಗಿದಾಗ ಪ್ರತಿ ಬೀಟಾ ಮುಂದಿನ ಸ್ಥಿತಿಗೆ ಹೋಗುತ್ತದೆ: ಸಡಿಲದಿಂದ ಬಿಗಿಗೆ, ಬಿಗಿಯಿಂದ ತೆರೆದದ್ದಕ್ಕೆ.

ಇಲ್ಲಿ ಪಾಲ್ ಬಾಯರ್ ಹೇಳಿದ ಮಾತು ನನಗೆ ತುಂಬ ಇಷ್ಟ. ಶಕ್ತಿ ಮುಖ್ಯವಾಗಿ ಖರ್ಚಾಗುವುದು ಎಡಿಪಿ ಮತ್ತು ಫಾಸ್ಫೇಟನ್ನು ಜೋಡಿಸಲು ಅಲ್ಲ, ತಯಾರಾದ ಎಟಿಪಿಯನ್ನು ಬಿಡಿಸಲು. ಬಿಗಿ ಜಾಗದೊಳಗೆ ಎಡಿಪಿ ಮತ್ತು ಎಟಿಪಿ ನಡುವೆ ಶಕ್ತಿಯ ಅಂತರ ಬಹಳ ಕಡಿಮೆ. ಅಲ್ಲಿ ಜೋಡಣೆ ತಾನಾಗೇ ಆಗುತ್ತದೆ, ಬಿಚ್ಚಿಕೊಳ್ಳುತ್ತದೆ, ಮತ್ತೆ ಆಗುತ್ತದೆ. ಆದರೆ ಎಟಿಪಿಯನ್ನು ಕಿಣ್ವ ಎಷ್ಟು ಗಟ್ಟಿಯಾಗಿ ಹಿಡಿದಿರುತ್ತದೆ ಎಂದರೆ ಗಾಮಾ ತಿರುಗದೆ ಅದು ಹೊರಬರುವುದೇ ಇಲ್ಲ. ಇದಕ್ಕೆ ಸಾಕ್ಷಿ ಇದೆ. ಪ್ರೋಟಾನ್ ವ್ಯತ್ಯಾಸವನ್ನು ಅಳಿಸುವ ರಾಸಾಯನಿಕ ಹಾಕಿದರೆ ಹೊಸ ಎಟಿಪಿ ಸಿಗುವುದು ನಿಲ್ಲುತ್ತದೆ, ಆದರೆ ನೀರಿನ ಆಮ್ಲಜನಕ ಫಾಸ್ಫೇಟಿಗೆ ಸೇರುವ ಅದಲುಬದಲು ನಡೆಯುತ್ತಲೇ ಇರುತ್ತದೆ. ಅಂದರೆ ಒಳಗಿನ ಜೋಡಣೆಗೆ ಪ್ರೋಟಾನ್ ಬೇಕಿರಲಿಲ್ಲ.

ತಿರುಗುವುದನ್ನು ಕಣ್ಣಾರೆ ನೋಡಿಯೂ ಆಗಿದೆ. 1997ರಲ್ಲಿ ಜಪಾನಿನ ನೋಜಿ ಮತ್ತು ಜೊತೆಗಾರರು ತಲೆಯನ್ನು ಗಾಜಿಗೆ ಅಂಟಿಸಿ, ಗಾಮಾಕ್ಕೆ ಹೊಳೆಯುವ ಆಕ್ಟಿನ್ ಎಳೆ ಕಟ್ಟಿದರು. ಎಟಿಪಿ ಕೊಟ್ಟಾಗ ಎಳೆ ಸುತ್ತತೊಡಗಿತು. 2004ರಲ್ಲಿ ಅದನ್ನೇ ತಿರುವುಮುರುವಾಗಿ ಮಾಡಿದರು: ಗಾಮಾಕ್ಕೆ ಕಾಂತೀಯ ಮಣಿ ಕಟ್ಟಿ ಹಿಮ್ಮುಖ ಸುತ್ತಿಸಿದಾಗ ಎಟಿಪಿ ತಯಾರಾಯಿತು.

ಎಷ್ಟು ಪ್ರೋಟಾನ್‌ಗೆ ಒಂದು ಎಟಿಪಿ

ಒಂದು ಸುತ್ತಿಗೆ 8 ಪ್ರೋಟಾನ್, 3 ಎಟಿಪಿ. ಹಾಗಾಗಿ ಒಂದಕ್ಕೆ 8/3, ಅಂದರೆ 2.67. ಪೂರ್ಣಸಂಖ್ಯೆ ಅಲ್ಲ ಎಂದು ಗಾಬರಿ ಬೇಡ. ಕಿಣ್ವದ ಭಾಗಗಳು ಸ್ಪ್ರಿಂಗ್‌ನಂತೆ ಸ್ವಲ್ಪ ತಿರುಚಿಕೊಳ್ಳುತ್ತವೆ. 45 ಡಿಗ್ರಿಯ ಹೆಜ್ಜೆಗಳು ಸೇರುತ್ತಾ 120 ಡಿಗ್ರಿಯ ಹೆಜ್ಜೆ ಬಿಡುಗಡೆಯಾಗುತ್ತದೆ. ಇದಲ್ಲದೆ ಫಾಸ್ಫೇಟ್ ಮತ್ತು ಎಡಿಪಿ ಒಳಗೆ ಬರಲು, ಎಟಿಪಿ ಹೊರಗೆ ಹೋಗಲು ಇನ್ನೊಂದು ಪ್ರೋಟಾನಿನಷ್ಟು ಖರ್ಚು. ಒಟ್ಟು 3.67.

ಈಗ 17 ಅನ್ನು ತೆಗೆಯೋಣ. 3.67 × 17 ಸುಮಾರು 62 ಕಿಲೋಜೂಲ್. ಎಟಿಪಿಗೆ 30.5 ಸಾಕಲ್ಲವೇ ಎಂದು ಅನಿಸಬಹುದು. ಆ 30.5 ಪ್ರಮಾಣಿತ ಸ್ಥಿತಿಯದು. ಜೀವಕೋಶದಲ್ಲಿ ಎಡಿಪಿಗಿಂತ ಎಟಿಪಿ ಬಹಳ ಹೆಚ್ಚಿರುವುದರಿಂದ ಇನ್ನೂ ಒಂದು ಮೋಲ್ ಎಟಿಪಿ ಸೇರಿಸಲು 50 ರಿಂದ 57 ಕಿಲೋಜೂಲ್ ಬೇಕು. 62 ಅದಕ್ಕೆ ಸಾಕು, ಆದರೆ ಉಳಿಯುವುದು ಜಾಸ್ತಿ ಇಲ್ಲ.

ಪಾಲಕ್ ಸೊಪ್ಪಿನ ಕ್ಲೋರೋಪ್ಲಾಸ್ಟ್‌ನಲ್ಲಿ ಉಂಗುರಕ್ಕೆ 14 ತುಂಡುಗಳಿವೆ. ಅಲ್ಲಿ ಒಂದು ಎಟಿಪಿಗೆ 4.67 ಪ್ರೋಟಾನ್ ಬೇಕು. ಸೈಕಲ್ಲಿನ ಗೇರ್‌ನಂತೆ: ಹೆಚ್ಚು ಪ್ರೋಟಾನ್ ಖರ್ಚು, ಆದರೆ ಪ್ರತಿಯೊಂದರ ಬಲ ಕಡಿಮೆ ಇದ್ದರೂ ನಡೆಯುತ್ತದೆ.

ಕೊಂಡಿ ನಿಜವಾಗಿ ಇದೆಯೇ ಎಂದು ತಿಳಿಯುವುದು

ಸರಪಳಿಗೂ ಸಿಂಥೇಸ್‌ಗೂ ಪ್ರೋಟಾನ್ ಮೂಲಕ ಕೊಂಡಿ ಇದೆಯೇ ಎಂದು ನೋಡಲು ಪ್ರಯೋಗಾಲಯದಲ್ಲಿ ಆಮ್ಲಜನಕ ಎಲೆಕ್ಟ್ರೋಡ್ ಬಳಸುತ್ತಾರೆ. ದ್ರಾವಣದಲ್ಲಿ ಉಳಿದ ಆಮ್ಲಜನಕವನ್ನು ಅದು ಗ್ರಾಫಿನ ಗೆರೆಯಾಗಿ ತೋರಿಸುತ್ತದೆ. ಮೈಟೊಕಾಂಡ್ರಿಯ, ಸಕ್ಸಿನೇಟ್, ಫಾಸ್ಫೇಟ್ ಹಾಕಿದರೆ ಆಮ್ಲಜನಕ ನಿಧಾನವಾಗಿ ಕಡಿಮೆಯಾಗುತ್ತದೆ. ಯಾಕೆ ನಿಧಾನ? ಎಡಿಪಿ ಇಲ್ಲದೆ ಉಂಗುರ ನಿಂತಿದೆ, ಪ್ರೋಟಾನ್‌ಗಳಿಗೆ ವಾಪಸ್ ಬರುವ ದಾರಿ ಇಲ್ಲ, ಹೊರಗಿನ ಒತ್ತಡದ ಎದುರು ಪಂಪ್‌ಗಳು ಏದುಸಿರು ಬಿಡುತ್ತಿವೆ. 150 ನ್ಯಾನೋಮೋಲ್ ಎಡಿಪಿ ಹಾಕಿದೆವು ಎಂದುಕೊಳ್ಳಿ. ಗೆರೆ ತಟ್ಟನೆ ಕಡಿದಾಗಿ ಇಳಿಯುತ್ತದೆ, ಎಡಿಪಿ ಮುಗಿದ ಮೇಲೆ ಮತ್ತೆ ನಿಧಾನ. ಆ ಕಡಿದಾದ ಭಾಗದಲ್ಲಿ 50 ನ್ಯಾನೋಮೋಲ್ ಆಮ್ಲಜನಕದ ಅಣು ಖರ್ಚಾಗಿದ್ದರೆ ಪರಮಾಣು ಲೆಕ್ಕದಲ್ಲಿ 100. 150 ಭಾಗಿಸು 100, ಒಂದು ಪರಮಾಣುವಿಗೆ 1.5 ಎಟಿಪಿ. ನಮ್ಮ ಲೆಕ್ಕದಲ್ಲಿ 6 ಭಾಗಿಸು 3.67, ಅಂದರೆ 1.64 ಬರಬೇಕಿತ್ತು. ಪೊರೆಯಲ್ಲಿ ಸ್ವಲ್ಪ ಪ್ರೋಟಾನ್ ಸೋರುವುದರಿಂದ ಅಳತೆಯಲ್ಲಿ ಕಡಿಮೆ ಸಿಗುತ್ತದೆ.

ಈಗ ಮತ್ತೆ ಎಡಿಪಿ ಹಾಕಿ, ಗೆರೆ ಕಡಿದಾಗಿ ಇಳಿಯುವಾಗ ಒಲಿಗೊಮೈಸಿನ್ ಹಾಕಿ. ಅದು ಉಂಗುರಕ್ಕೆ ಅಂಟಿ ಗ್ಲುಟಮೇಟ್ ಸೀಟನ್ನೇ ಮುಚ್ಚುತ್ತದೆ. ಸರಪಳಿಯನ್ನು ಮುಟ್ಟುವುದೇ ಇಲ್ಲ, ಆದರೂ ಆಮ್ಲಜನಕದ ಬಳಕೆ ಕುಸಿಯುತ್ತದೆ. ಮುಂದೆ ಡೈನೈಟ್ರೋಫಿನಾಲ್ ಹಾಕಿದರೆ ಅದು ಪ್ರೋಟಾನ್‌ಗಳನ್ನು ಹೊತ್ತು ಪೊರೆಯ ಮೂಲಕ ನೇರ ದಾಟಿಸುತ್ತದೆ. ಆಮ್ಲಜನಕದ ಬಳಕೆ ಮತ್ತೆ ಜೋರಾಗುತ್ತದೆ, ಎಟಿಪಿ ಮಾತ್ರ ಬರುವುದಿಲ್ಲ. ಆ ಶಕ್ತಿಯೆಲ್ಲ ಶಾಖವಾಗುತ್ತದೆ.

ಒಲಿಗೊಮೈಸಿನ್ ಬದಲು ಸಯನೈಡ್ ಹಾಕಿದ್ದರೂ ಗೆರೆ ಅದೇ ರೀತಿ ಮಟ್ಟಸವಾಗುತ್ತಿತ್ತು. ಆಮೇಲೆ ಡೈನೈಟ್ರೋಫಿನಾಲ್ ಹಾಕಿದರೆ ಏನೂ ಆಗುವುದಿಲ್ಲ, ಯಾಕೆಂದರೆ ನಾಲ್ಕನೇ ಕಾಂಪ್ಲೆಕ್ಸ್ ನಿಂತಿದೆ, ಎಲೆಕ್ಟ್ರಾನ್ ಆಮ್ಲಜನಕಕ್ಕೆ ತಲುಪುತ್ತಲೇ ಇಲ್ಲ. ಗ್ರಾಫ್ ಕೊಟ್ಟು "ಯಾವ ವಿಷ ಹಾಕಿದ್ದಾರೆ?" ಎಂದು ಕೇಳಿದರೆ ಮೊದಲು ಈ ಒಂದು ಜಾಗವನ್ನು ನೋಡಿ: ಡೈನೈಟ್ರೋಫಿನಾಲ್ ನಂತರ ಗೆರೆ ಮತ್ತೆ ಇಳಿದರೆ ತಡೆ ಸಿಂಥೇಸ್‌ನಲ್ಲಿದೆ, ಮಟ್ಟಸವಾಗೇ ಉಳಿದರೆ ಸರಪಳಿಯಲ್ಲಿದೆ.