ಕೆಂಪು ಮಾತ್ರೆಯ ಹಿನ್ನೆಲೆ: ಆಶಾ ಕಾರ್ಯಕರ್ತೆಯರಿಗೆ ಎದುರಾಗುವ ಪ್ರಶ್ನೆಗಳು

ಗರ್ಭಿಣಿಯರಿಗೆ ಕಬ್ಬಿಣದ ಮಾತ್ರೆ ಕೊಡುವ ಸರ್ಕಾರಿ ಕಾರ್ಯಕ್ರಮ ಶುರುವಾಗಿದ್ದು 1970ರಲ್ಲಿ. ಆದರೂ 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ದೇಶದ ಗರ್ಭಿಣಿಯರಲ್ಲಿ ನೂರಕ್ಕೆ 52 ಮಂದಿಗೆ ರಕ್ತಹೀನತೆ ಕಂಡುಬಂತು. ಕಾರಣಗಳು ಹಲವು. ಮನೆಗೆ ಬಂದ ಮಾತ್ರೆ ಹೊಟ್ಟೆಗೆ ಹೋಗದಿರುವುದೂ ಅದರಲ್ಲೊಂದು.

ಮಲ ಕಪ್ಪಾಗ್ತಿದೆ, ಒಳಗೆ ಏನೋ ಕೆಟ್ಟಿದೆ ಅಲ್ವಾ?

ಇಲ್ಲ. ನುಂಗಿದ ಕಬ್ಬಿಣದಲ್ಲಿ ಸ್ವಲ್ಪ ಭಾಗ ಮಾತ್ರ ರಕ್ತಕ್ಕೆ ಸೇರುತ್ತದೆ. ಉಳಿದದ್ದು ಮಲದಲ್ಲಿ ಹೋಗುತ್ತದೆ, ಅದರದ್ದೇ ಆ ಬಣ್ಣ. ಆದರೆ ಮಲ ಡಾಂಬರಿನಂತೆ ಅಂಟಾಗಿ, ಕೆಟ್ಟ ನಾತ ಬಂದರೆ ವೈದ್ಯರಿಗೆ ತೋರಿಸಬೇಕು. ಅದು ಒಳಗೆ ರಕ್ತ ಸೋರುತ್ತಿರುವ ಲಕ್ಷಣ ಇರಬಹುದು.

ಮಗು ಕಪ್ಪಾಗುತ್ತೆ, ದಪ್ಪ ಆಗಿ ಹೆರಿಗೆ ಕಷ್ಟ ಆಗುತ್ತೆ ಅಂತಾರೆ?

ಬಣ್ಣ ಬರುವುದು ಅಪ್ಪ ಅಮ್ಮನಿಂದ. ಇನ್ನು ಹೆರಿಗೆ ಕಷ್ಟವಾಗುವುದು ರಕ್ತ ಕಡಿಮೆ ಇದ್ದಾಗಲೇ: ಹೆರಿಗೆಯಲ್ಲಿ ರಕ್ತ ಹೋದರೆ ತಾಯಿಗೆ ತಡೆದುಕೊಳ್ಳಲು ಆಗುವುದಿಲ್ಲ.

ನುಂಗಿದರೆ ಹೊಟ್ಟೆ ತೊಳಸುತ್ತೆ.

ಇದು ನಿಜ, "ಸುಮ್ನೆ ನೆಪ" ಅನ್ನಬೇಡಿ. ಕಬ್ಬಿಣ ಜಾಸ್ತಿಯಾದಷ್ಟೂ ಈ ತೊಂದರೆ ಜಾಸ್ತಿ. ಮೊದಲು ಮಾತ್ರೆಯಲ್ಲಿ 60 ಮಿಲಿಗ್ರಾಂ ಕಬ್ಬಿಣ ಇತ್ತು. 1992ರಲ್ಲಿ ಅದನ್ನು 100ಕ್ಕೆ ಏರಿಸಿದರು. 2018ರಲ್ಲಿ ಅನೀಮಿಯಾ ಮುಕ್ತ ಭಾರತ ಬಂದಾಗ ಮತ್ತೆ 60ಕ್ಕೆ ಇಳಿಯಿತು, 100 ದಿನದ ಬದಲು 180 ದಿನ ಆಯಿತು. ರಾತ್ರಿ ಊಟವಾದ ಮೇಲೆ ನುಂಗಿದರೆ ತೊಳಸುವುದು ಎಷ್ಟೋ ಕಡಿಮೆ.

ಬೀಟ್‌ರೂಟ್ ಸಾಲದಾ?

ಸಾಲದು. ಕೆಂಪಗಿದ್ದ ಮಾತ್ರಕ್ಕೆ ರಕ್ತ ಆಗುವುದಿಲ್ಲ. 100 ಗ್ರಾಂ ಬೀಟ್‌ರೂಟಿನಲ್ಲಿ ಒಂದು ಮಿಲಿಗ್ರಾಂ ಕಬ್ಬಿಣವೂ ಇರುವುದಿಲ್ಲ.

ತಿಂಗಳಿಂದ ನುಂಗಿದರೂ ರಕ್ತ ಏರಿಲ್ಲ, ಮಾತ್ರೆ ಡೂಪ್ಲಿಕೇಟಾ?

ಒಂದು ಉದಾಹರಣೆ ನೋಡೋಣ. ಒಬ್ಬ ಗರ್ಭಿಣಿಗೆ ಐದನೇ ತಿಂಗಳಲ್ಲಿ ಹಿಮೋಗ್ಲೋಬಿನ್ 8.9 ಇತ್ತು. ಗರ್ಭಿಣಿಗೆ 11 ಇರಬೇಕು, 7ಕ್ಕಿಂತ ಕಡಿಮೆಯಾದರೆ ತೀವ್ರ. ಈಕೆಯದು ಮಧ್ಯಮ, ಹಾಗಾಗಿ ದಿನಕ್ಕೆ ಎರಡು ಮಾತ್ರೆ ಹೇಳಿದರು. ತಿಂಗಳಾದ ಮೇಲೆ 9.2. ಕಡೇ ಪಕ್ಷ 1 ಗ್ರಾಂ ಏರಬೇಕಿತ್ತು.

ಮೊದಲು ಮಲದ ಬಣ್ಣ ಕೇಳಿ. ಕಪ್ಪಾಗಿಲ್ಲ ಅಂದರೆ ಮಾತ್ರೆ ಸರಿಯಾಗಿ ನುಂಗುತ್ತಿಲ್ಲದಿರಬಹುದು. ಬೈಯಬೇಡಿ, ಖಾಲಿ ಪಟ್ಟಿ ತೋರಿಸಲು ಹೇಳಿ. ನುಂಗುತ್ತಿದ್ದಾಳೆ ಅಂದರೆ ಯಾವುದರ ಜೊತೆ ಅಂತ ವಿಚಾರಿಸಿ. ಟೀ, ಕಾಫಿ, ಹಾಲು, ಕ್ಯಾಲ್ಸಿಯಂ ಮಾತ್ರೆ ಇವೆಲ್ಲ ಕಬ್ಬಿಣವನ್ನು ತಡೆಯುತ್ತವೆ. ಕಬ್ಬಿಣ, ಕ್ಯಾಲ್ಸಿಯಂ ಎರಡೂ ಮಾತ್ರೆ ಒಟ್ಟಿಗೇ ಕೈಗೆ ಬರುವುದರಿಂದ ಒಟ್ಟಿಗೇ ಬಾಯಿಗೆ ಹಾಕಿಕೊಳ್ಳುವವರು ಬಹಳ. ಮಧ್ಯೆ ಎರಡು ಗಂಟೆ ಬಿಡಬೇಕು.

ಎಲ್ಲ ಸರಿಯಿದ್ದೂ ಏರಿಲ್ಲವೇ? ಹಾಗಾದರೆ ಕೊರತೆ ಕಬ್ಬಿಣದ್ದೇ ಆಗಿರಬೇಕಿಲ್ಲ. 1930ರ ಸುಮಾರಿಗೆ ಮುಂಬೈನ ಬಡ ಗರ್ಭಿಣಿಯರಲ್ಲಿ ಲೂಸಿ ವಿಲ್ಸ್ ಎಂಬ ವೈದ್ಯೆ ಕಂಡದ್ದು ಇಂಥದ್ದೇ. ಆ ಗರ್ಭಿಣಿಯರಿಗೆ ವಾಸಿಯಾಗಿದ್ದು ಯೀಸ್ಟಿನ ಸಾರದಿಂದ. ಅದರಲ್ಲಿದ್ದ ಫೋಲಿಕ್ ಆಮ್ಲವೇ ಇಂದು ನಿಮ್ಮ ಕೆಂಪು ಮಾತ್ರೆಯಲ್ಲೂ ಇದೆ. ಬಿ12 ಕೊರತೆ, ಜಂತುಹುಳು, ಥಲಸ್ಸೀಮಿಯಾ ಕೂಡ ಕಾರಣ ಆಗಿರಬಹುದು. ಇವನ್ನು ಪತ್ತೆ ಮಾಡುವುದು ವೈದ್ಯರ ಕೆಲಸ. ತಾಯಿ ಕಾರ್ಡಿನಲ್ಲಿ ಎರಡೂ ಅಳತೆ ಬರೆದು ಆಸ್ಪತ್ರೆಗೆ ಕಳಿಸಿ.