ಡಿಸ್ಕೌಂಟ್ ಮೊದಲೋ, ತೆರಿಗೆ ಮೊದಲೋ?

"ಮೊದಲು ತೆರಿಗೆ ಹಾಕಿ, ಆಮೇಲೆ ಶೇ. 10 ಡಿಸ್ಕೌಂಟ್ ಕಳೆದಿದ್ದಾರೆ, ಅದಕ್ಕೇ ಬಿಲ್ಲು ಜಾಸ್ತಿ ಬಂದಿದೆ." ಈ ಮಾತನ್ನು ಎಷ್ಟೋ ಸಲ ಓದಿದ್ದೇನೆ, ಪ್ರತಿ ಸಲವೂ ಲೆಕ್ಕ ತಪ್ಪು. ಡಿಸ್ಕೌಂಟ್ ಶೇಕಡಾ ಲೆಕ್ಕದಲ್ಲಿದ್ದು, ಆ ಹೊತ್ತಿಗೆ ಬಿಲ್ಲಿನಲ್ಲಿ ಇರುವ ಮೊತ್ತದ ಮೇಲೇ ಅದನ್ನು ಕಳೆದರೆ, ಯಾವುದು ಮೊದಲು ಬಂದರೂ ಕೊನೆಯ ಮೊತ್ತ ಒಂದೇ.

ವಸ್ತುವಿನ ಮೂಲ ಬೆಲೆ 1000, ತೆರಿಗೆ ಶೇ. 20, ಡಿಸ್ಕೌಂಟ್ ಶೇ. 10 ಅಂದುಕೊಳ್ಳಿ. ಮೊದಲು ಡಿಸ್ಕೌಂಟ್ ಕಳೆದರೆ 900, ಅದಕ್ಕೆ ತೆರಿಗೆ 180, ಒಟ್ಟು 1080. ಮೊದಲು ತೆರಿಗೆ ಹಾಕಿದರೆ 1200, ಅದರಲ್ಲಿ ಶೇ. 10 ಅಂದರೆ 120 ಕಳೆದಾಗ ಮತ್ತೆ 1080. ಎರಡೂ ಬರೀ ಗುಣಾಕಾರ. 0.9ರಿಂದ ಮೊದಲು ಗುಣಿಸಿದರೇನು, 1.2ರಿಂದ ಮೊದಲು ಗುಣಿಸಿದರೇನು?

ಮೊತ್ತ ನಿಜವಾಗಿ ಬದಲಾಗುವುದು ಡಿಸ್ಕೌಂಟ್ ಇಂತಿಷ್ಟು ಎಂದು ಮೊದಲೇ ನಿಗದಿಯಾಗಿದ್ದಾಗ. ಅದೇ ವಸ್ತುವಿಗೆ 100 ಕಡಿತ ಎಂದಿದೆ. ಮೊದಲೇ ಕಳೆದರೆ 900ಕ್ಕೆ 180 ಸೇರಿ 1080. ತೆರಿಗೆ ಆದ ಮೇಲೆ ಕಳೆದರೆ 1200ರಲ್ಲಿ 100 ಹೋಗಿ 1100. ವ್ಯತ್ಯಾಸ 20. ಡಿಸ್ಕೌಂಟಾಗಿ ಬಿಟ್ಟ ಆ 100ಕ್ಕೂ ಶೇ. 20 ತೆರಿಗೆ ಬಿದ್ದಿದೆ, ಅಷ್ಟೇ. ಬೆಲೆ ಎಷ್ಟೇ ಇರಲಿ, ವ್ಯತ್ಯಾಸ ಯಾವಾಗಲೂ ಡಿಸ್ಕೌಂಟ್ ಮೊತ್ತಕ್ಕೆ ಬೀಳುವ ತೆರಿಗೆಯಷ್ಟೇ ಇರುತ್ತದೆ.

ಇವೆರಡರ ನಡುವೆ ಸಿಕ್ಕಿಕೊಳ್ಳುವ ಮೂರನೆಯ ಬಗೆಯೊಂದಿದೆ. ಬೋರ್ಡಿನಲ್ಲಿ ಶೇ. 10 ಎಂದೇ ಇರುತ್ತದೆ. ಆದರೆ ಲೆಕ್ಕ ಹಾಕುವಾಗ ಮೂಲ ಬೆಲೆಯ ಶೇ. 10, ಅಂದರೆ 100, ತೆಗೆದಿಟ್ಟುಕೊಂಡು, ತೆರಿಗೆಯನ್ನು ಪೂರ್ತಿ 1000ಕ್ಕೆ ಹಾಕಿ, ಕೊನೆಗೆ ಆ 100 ಕಳೆಯುತ್ತಾರೆ. ಆಗಲೂ 1100. ಹೆಸರಿಗೆ ಶೇಕಡಾ, ಕೆಲಸ ಮಾಡುವುದು ನಿಗದಿತ ಮೊತ್ತದ ಹಾಗೆ. ಶೇಕಡಾ ಡಿಸ್ಕೌಂಟಿನಲ್ಲೂ ಮೊತ್ತ ಬೇರೆ ಬಂತು ಎನ್ನುವವರ ಬಿಲ್ಲನ್ನು ಬಿಡಿಸಿ ನೋಡಿದರೆ ಸಾಮಾನ್ಯವಾಗಿ ಇದೇ ಇರುತ್ತದೆ. ಅಥವಾ ಪೂರ್ಣಾಂಕ ಮಾಡುವಾಗ ಬಂದ ಚಿಲ್ಲರೆ ವ್ಯತ್ಯಾಸ.

ಇನ್ನು "ಅಂಗಡಿಯವನು ಹೆಚ್ಚಿನ ದುಡ್ಡು ಹೊಡೆದ" ಎನ್ನುವ ದೂರು. ಯಾರ ಕೈಗೆ ಎಷ್ಟು ಹೋಯಿತು ಅಂತ ನೋಡೋಣ. 100 ಕಡಿತದ ಲೆಕ್ಕದಲ್ಲಿ, ಡಿಸ್ಕೌಂಟ್ ಮೊದಲಾದರೆ ನೀವು ಕೊಟ್ಟ 1080ರಲ್ಲಿ 180 ತೆರಿಗೆಗೆ, 900 ಅಂಗಡಿಗೆ. ತೆರಿಗೆ ಮೊದಲಾದರೆ 1100ರಲ್ಲಿ 200 ತೆರಿಗೆಗೆ, ಅಂಗಡಿಗೆ ಅದೇ 900. ಹೆಚ್ಚಿಗೆ ಕೊಟ್ಟ 20 ಹೋಗಿದ್ದು ಸರ್ಕಾರಕ್ಕೆ. ಶೇ. 10ರ ಲೆಕ್ಕ ಇನ್ನೂ ಸ್ವಾರಸ್ಯದ್ದು. ನೀವು ಎರಡೂ ಕಡೆ 1080 ಕೊಡುತ್ತೀರಿ. ಆದರೆ ತೆರಿಗೆಯನ್ನು 1000ದ ಮೇಲೆ ಕಟ್ಟಬೇಕಾದರೆ 200 ಹೋಗಿ ಅಂಗಡಿಗೆ ಉಳಿಯುವುದು 880. ಅಂದರೆ ನಿಮ್ಮ ಜೇಬಿಗೆ ಏನೂ ಆಗದ ಕಡೆ ಅಂಗಡಿಗೇ 20 ನಷ್ಟ.

ಹಾಗಾದರೆ ಅಂಗಡಿಯವರು ತೆರಿಗೆಯನ್ನು ಯಾಕೆ ಮೊದಲು ಹಾಕುತ್ತಾರೆ? ಅನೇಕ ತೆರಿಗೆ ಪದ್ಧತಿಗಳಲ್ಲಿ ತೆರಿಗೆ ಬೀಳುವುದು ಮಾರಿದವರಿಗೆ ಒಟ್ಟಾರೆ ಬರುವ ಹಣದ ಮೇಲೆ. ಅಂಗಡಿ ತಾನೇ 100 ಬಿಟ್ಟುಕೊಟ್ಟರೆ ಅದಕ್ಕೆ ಬರುವುದು 900 ಮಾತ್ರ, ತೆರಿಗೆಯೂ ಅಷ್ಟಕ್ಕೇ. ಆ 100ನ್ನು ವಸ್ತು ತಯಾರಿಸಿದ ಕಂಪನಿ ಅಂಗಡಿಗೆ ತುಂಬಿಕೊಡುವುದಾದರೆ, ಅಂಗಡಿಗೆ ಬಂದಿದ್ದು ಪೂರ್ತಿ 1000, ಒಂದಿಷ್ಟು ನಿಮ್ಮಿಂದ, ಉಳಿದದ್ದು ಕಂಪನಿಯಿಂದ. ಆಗ ತೆರಿಗೆ ಪೂರ್ತಿ ಬೆಲೆಗೇ ಬೀಳುವುದುಂಟು. ಇನ್ನು ದುಡ್ಡು ಕೊಟ್ಟು ಕೊಂಡ ಗಿಫ್ಟ್ ಕಾರ್ಡ್ ಡಿಸ್ಕೌಂಟೇ ಅಲ್ಲ. ಅದು ಮೊದಲೇ ಕೊಟ್ಟಿಟ್ಟ ಹಣ. ಅದರ ಮೊತ್ತವನ್ನು ತೆರಿಗೆ ಆದ ಮೇಲೆ ಕಳೆಯುವುದೇ ಸರಿ.

ಬಿಲ್ಲಿನಲ್ಲಿ ಯಾವ ಸಾಲು ಮೇಲಿದೆ, ಯಾವುದು ಕೆಳಗಿದೆ ಎಂದು ನೋಡಿ ತೀರ್ಮಾನಿಸಬೇಡಿ. ಡಿಸ್ಕೌಂಟನ್ನು ಮೊದಲೇ ಕಳೆದು ಕೊನೆಯಲ್ಲಿ ಅಚ್ಚು ಹಾಕುವ ಬಿಲ್ಲುಗಳಿವೆ. ತೆರಿಗೆಯ ಮೊತ್ತವನ್ನು ತೆರಿಗೆ ದರದಿಂದ ಭಾಗಿಸಿ. 180 ÷ 0.20 ಅಂದರೆ 900, ಡಿಸ್ಕೌಂಟ್ ಮೊದಲು ಹೋಗಿದೆ. 200 ÷ 0.20 ಅಂದರೆ 1000, ತೆರಿಗೆ ಪೂರ್ತಿ ಬೆಲೆಗೆ ಬಿದ್ದಿದೆ.

ಬೆಲೆಯಲ್ಲೇ ತೆರಿಗೆ ಸೇರಿರುವ ಕಡೆ ಮಾತ್ರ ಸ್ವಲ್ಪ ಹುಷಾರು. ಚೀಟಿಯಲ್ಲಿ 1200 ಇದ್ದು ಅಂಗಡಿ ತಾನೇ 100 ಬಿಟ್ಟರೆ ನೀವು 1100 ಕೊಡುತ್ತೀರಿ. ನೋಡಲು ತೆರಿಗೆ ಆದ ಮೇಲೆ ಕಳೆದ ಹಾಗೇ ಕಾಣುತ್ತದೆ. ಆದರೆ ಆ 1100ರಲ್ಲಿ ತೆರಿಗೆ 200 ಅಲ್ಲ, 1100ನ್ನು 1.2ರಿಂದ ಭಾಗಿಸಿದಾಗ ಮೂಲ ಬೆಲೆ 916.67, ತೆರಿಗೆ 183.33. ಇಲ್ಲಿ 100ರ ಡಿಸ್ಕೌಂಟ್ ಮೂಲ ಬೆಲೆ, ತೆರಿಗೆ ಎರಡರಿಂದಲೂ ಹಂಚಿ ಹೋಗಿದೆ: ಬೆಲೆಯಿಂದ 83.33, ತೆರಿಗೆಯಿಂದ 16.67.